ಕಾಯಿಕಡುಬು: ಬಿರಿಯದ ಕಣಕ

ಅಕ್ಕಿಹಿಟ್ಟನ್ನು ಕುದಿಯುವ ನೀರಿನಲ್ಲಿ ಉಕ್ಕರಿಸಿ, ನಾದಿ, ಆ ಕಣಕದೊಳಗೆ ಕಾಯಿತುರಿ ಮತ್ತು ಬೆಲ್ಲದ ಹೂರಣ ತುಂಬಿ ಹಬೆಯಲ್ಲಿ ಬೇಯಿಸುವ ಸಿಹಿತಿಂಡಿಯೇ ಕಾಯಿಕಡುಬು. ಅರ್ಧಚಂದ್ರದ ಹಾಗೆ ಮಡಿಸಿ ಅಂಚು ಒತ್ತಿದ್ದನ್ನು ಕಡುಬು ಎಂದೂ, ಬಟ್ಟಲಿನಂತೆ ಮಾಡಿ ನೆರಿಗೆ ಹಿಡಿದು ಮೇಲೆ ತುದಿ ಕೂಡಿಸಿದ್ದನ್ನು ಮೋದಕ ಎಂದೂ ಕರೆಯುವುದು ಹೆಚ್ಚಿನ ಮನೆಗಳ ರೂಢಿ. ಒಳಗಿನ ಸರಕು ಎರಡಕ್ಕೂ ಒಂದೇ. ಗಣೇಶ ಚತುರ್ಥಿಯ ದಿನ ಇಪ್ಪತ್ತೊಂದು ಕಡುಬನ್ನು ನೈವೇದ್ಯಕ್ಕೆ ಇಡುತ್ತಾರೆ. ವರ್ಷಕ್ಕೊಮ್ಮೆಯೋ ಎರಡು ಬಾರಿಯೋ ಮಾಡುವ ತಿಂಡಿಯಾದ್ದರಿಂದ ಕೈಗೆ ಅಭ್ಯಾಸ ತಪ್ಪಿರುತ್ತದೆ. ಪೂಜೆಗೆ ಹೊತ್ತಾಗುತ್ತಿರುವಾಗಲೇ ಕಣಕ ಅಂಚಿನಲ್ಲಿ ಬಿರಿಯಲು ಶುರುವಾಗುತ್ತದೆ. ಹೂರಣ ಹದ ತಪ್ಪಿದರೆ ರುಚಿ ಸ್ವಲ್ಪ ಕೆಡಬಹುದು, ಕಣಕ ಹದ ತಪ್ಪಿದರೆ ಕಡುಬೇ ಆಗುವುದಿಲ್ಲ. ಆದ್ದರಿಂದ ಇಲ್ಲಿ ಕಣಕಕ್ಕೇ ಹೆಚ್ಚು ಜಾಗ ಕೊಟ್ಟಿದೆ.

ಹೆಸರು ಮತ್ತು ನೆಂಟಸ್ತಿಕೆ

ಕನ್ನಡದಲ್ಲಿ ಕಡುಬು ಎಂದರೆ ಒಂದೇ ತಿಂಡಿಯಲ್ಲ. ಮಲೆನಾಡಿನಲ್ಲಿ ಬರೀ ಕಡುಬು ಎಂದರೆ ಅಕ್ಕಿತರಿಯನ್ನು ಬೇಯಿಸಿ ಉಂಡೆ ಕಟ್ಟಿ ಹಬೆಯಲ್ಲಿಟ್ಟ, ಸಿಹಿಯಿಲ್ಲದ ಊಟದ ಕಡುಬು. ಕರಾವಳಿಯಲ್ಲಿ ಹಲಸಿನ ಎಲೆಯ ಕೊಟ್ಟೆಯಲ್ಲಿ ಬೆಂದ ಉದ್ದು-ಅಕ್ಕಿಯ ಹಿಟ್ಟೂ ಕಡುಬೇ. ಉತ್ತರ ಕರ್ನಾಟಕದ ಕಡಬು ಗೋಧಿಹಿಟ್ಟಿನದು, ಒಳಗೆ ಕಡಲೆಬೇಳೆಯ ಹೂರಣ. ಇಲ್ಲಿ ಹೇಳುತ್ತಿರುವ ಅಕ್ಕಿಹಿಟ್ಟು, ಕಾಯಿ, ಬೆಲ್ಲದ ಕಡುಬಿಗೆ ಹತ್ತಿರದ ನೆಂಟರು ರಾಜ್ಯದ ಗಡಿಯಾಚೆ ಇದ್ದಾರೆ. ಮಹಾರಾಷ್ಟ್ರದ ಕೊಂಕಣದಲ್ಲಿ ಅದು ಉಕಡೀಚೆ ಮೋದಕ, ತಮಿಳುನಾಡಿನಲ್ಲಿ ಕೊಳುಕಟ್ಟೈ, ಆಂಧ್ರದಲ್ಲಿ ಕುಡುಮುಲು. ಒಡಿಶಾದಲ್ಲಿ ಮಾರ್ಗಶಿರ ಮಾಸದ ಗುರುವಾರಗಳಂದು ಲಕ್ಷ್ಮಿಗೆ ಮಾಡುವ ಮಂಡಾ ಪಿಠಾ, ಬಂಗಾಳದಲ್ಲಿ ಪೌಷ ಸಂಕ್ರಾಂತಿಗೆ ಖರ್ಜೂರದ ಬೆಲ್ಲ ಹಾಕಿ ಮಾಡುವ ಪುಲಿ ಪಿಠಾ, ಇವೂ ಅದೇ ಕುಲದವು. ಎಲ್ಲೆಡೆಯೂ ಕಣಕ ಮಾಡುವ ಕ್ರಮ ಹೆಚ್ಚುಕಡಿಮೆ ಒಂದೇ: ಮೊದಲು ಹಿಟ್ಟಿಗೆ ಬಿಸಿನೀರಿನ ಸಂಸ್ಕಾರ, ಆಮೇಲೆ ನಾದುವುದು.

ಈ ತಿಂಡಿ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಅಕ್ಕಿಹಿಟ್ಟಿನೊಳಗೆ ಸುಗಂಧದ ಸಿಹಿ ತುಂಬಿದ ಮೋದಕಕ್ಕೆ ವರ್ಷೋಪಲಗೋಲಕ ಎಂಬ ಹೆಸರಿದೆ. ವರ್ಷೋಪಲ ಎಂದರೆ ಆಲಿಕಲ್ಲು. ಬೆಳ್ಳಗೆ, ಹೊಳೆಯುತ್ತ, ದುಂಡಗೆ ಇರುವುದನ್ನು ಕಂಡು ಇಟ್ಟ ಹೆಸರು. ಆಲಿಕಲ್ಲಿನಂತೆ ಕಾಣಬೇಕಾದರೆ ಮೈಮೇಲೆ ಒಂದು ಗೀರೂ ಇರಬಾರದು ಎಂಬುದನ್ನು ಅರಮನೆಯ ಅಡುಗೆಯವರು ಬಲ್ಲವರಾಗಿದ್ದರು ಎಂದುಕೊಳ್ಳೋಣ.

ಇನ್ನೊಂದು ಬಗೆಯನ್ನು ಇಲ್ಲೇ ಹೇಳಿಬಿಡಬೇಕು. ಕರಾವಳಿಯಲ್ಲಿ ನಾಗರ ಪಂಚಮಿಯ ಹೊತ್ತಿಗೆ ಮಾಡುವ ಅರಿಶಿನ ಎಲೆಯ ಕಡುಬು, ಕೊಂಕಣಿಯಲ್ಲಿ ಪಾತೋಳಿ, ಇದೇ ಕಾಯಿಬೆಲ್ಲದ್ದು. ಆದರೆ ಅದರಲ್ಲಿ ನೆನೆಸಿ ರುಬ್ಬಿದ ಅಕ್ಕಿಹಿಟ್ಟನ್ನು ಹಸಿಯಾಗಿಯೇ ಎಲೆಯ ಮೇಲೆ ಸವರಿ, ಹೂರಣ ಹರಡಿ, ಎಲೆಯನ್ನೇ ಮಡಿಸಿ ಹಬೆಗಿಡುತ್ತಾರೆ. ಅಲ್ಲಿ ಬಿರಿಯುವ ಪ್ರಶ್ನೆಯೇ ಇಲ್ಲ. ಹಿಟ್ಟನ್ನು ಹಿಡಿದಿಡುವ ಕೆಲಸವನ್ನು ಎಲೆ ಮಾಡುತ್ತದೆ. ಎಲೆಯಿಲ್ಲದೆ ಹಿಟ್ಟೇ ತನ್ನನ್ನು ತಾನು ಹಿಡಿದುಕೊಳ್ಳಬೇಕಾದಾಗ ಕಷ್ಟ ಹುಟ್ಟುತ್ತದೆ.

ಅಕ್ಕಿಹಿಟ್ಟು ಏಕೆ ಬಿರಿಯುತ್ತದೆ

ಗೋಧಿಹಿಟ್ಟಿಗೆ ತಣ್ಣೀರು ಹಾಕಿ ನಾದಿದರೆ ಅದರ ಪ್ರೋಟೀನುಗಳು ಸೇರಿ ಗ್ಲುಟೆನ್ ಎಂಬ ಎಳೆಯುವ ಬಲೆ ಕಟ್ಟಿಕೊಳ್ಳುತ್ತವೆ. ಹೋಳಿಗೆಯ ಕಣಕ ಎಳೆದಷ್ಟೂ ಬರುವುದು ಈ ಬಲೆಯಿಂದ. ಅಕ್ಕಿಯಲ್ಲಿ ಇಂಥ ಬಲೆ ಕಟ್ಟುವ ಪ್ರೋಟೀನಿಲ್ಲ. ಅಕ್ಕಿಹಿಟ್ಟಿಗೆ ತಣ್ಣೀರು ಹಾಕಿ ಗಂಟೆಗಟ್ಟಲೆ ನಾದಿದರೂ ಅದು ಒದ್ದೆ ಮರಳಿನ ಹಾಗೆಯೇ ಇರುತ್ತದೆ. ಒತ್ತಿದರೆ ಕೂಡುತ್ತದೆ, ಬಗ್ಗಿಸಿದರೆ ಒಡೆಯುತ್ತದೆ.

ಹಾಗಾಗಿ ಅಕ್ಕಿಯ ಕಣಕಕ್ಕೆ ಅಂಟು ಬೇರೆ ಕಡೆಯಿಂದ ಬರಬೇಕು. ಅದು ಬರುವುದು ಪಿಷ್ಟದಿಂದ. ಅಕ್ಕಿಯ ಪಿಷ್ಟದ ಕಣಗಳು ನೀರಿನಲ್ಲಿ ಬಿಸಿಯಾದಾಗ, ತಳಿಯನ್ನು ಅನುಸರಿಸಿ ಸುಮಾರು 60ರಿಂದ 80 ಡಿಗ್ರಿ ಸೆಲ್ಸಿಯಸ್ ನಡುವೆ, ನೀರು ಹೀರಿ ಉಬ್ಬಿ ಮೆತ್ತಗಾಗುತ್ತವೆ. ಒಳಗಿನ ಪಿಷ್ಟದ ಸರಗಳು ಹೊರಬಂದು ಗಂಜಿಯಂಥ ಅಂಟಾಗುತ್ತವೆ. ರಾಗಿ ಮುದ್ದೆ ಕಟ್ಟಿದವರಿಗೆ ಇದು ಹೊಸ ವಿಷಯವಲ್ಲ. ಎಸರು ಚೆನ್ನಾಗಿ ಕುದಿಯದಿದ್ದರೆ ಮುದ್ದೆ ಗಂಟುಗಂಟಾಗಿ ಉದುರುತ್ತದೆ. ಆ ಗಂಟಿನೊಳಗಿರುವುದು ನೀರೂ ಬಿಸಿಯೂ ತಲುಪದ ಹಸಿ ಹಿಟ್ಟು. ಕಡುಬಿನ ಕಣಕದಲ್ಲಿಯೂ ಅಷ್ಟೇ. ಅದರಲ್ಲಿ ಬೆಂದ ಪಿಷ್ಟ ಅಂಟಾಗಿಯೂ ಬೇಯದ ಪಿಷ್ಟ ಮರಳಾಗಿಯೂ ಇರುತ್ತದೆ. ಮರಳು ಹೆಚ್ಚಾದ ಕಡೆ ಬಿರುಕು ಬೀಳುತ್ತದೆ.

ಎರಡನೆಯ ಕಾರಣ ಆರುವುದು. ಬೆಂದ ಪಿಷ್ಟ ತಣ್ಣಗಾಗುತ್ತಿದ್ದಂತೆ ಅದರ ಸರಗಳು, ಅದರಲ್ಲೂ ಅಮೈಲೋಸ್ ಎಂಬ ನೇರ ಸರಗಳು, ಮತ್ತೆ ಒಂದಕ್ಕೊಂದು ಒರಗಿ ಬಿಗಿಯುತ್ತವೆ. ಬೆಳಗಿನ ಅನ್ನ ಸಂಜೆಗೆ ಬಿರುಸಾಗುವುದು ಇದೇ ಕಾರಣಕ್ಕೆ. ಬಿಸಿಯಲ್ಲಿ ಬೆಣ್ಣೆಯಂತಿದ್ದ ಕಣಕ ಮುಕ್ಕಾಲು ಗಂಟೆ ತೆರೆದಿಟ್ಟರೆ ಬಿರಿಯುತ್ತದೆ. ಮೇಲ್ಮೈಯ ನೀರೂ ಆರಿರುತ್ತದೆ, ಒಳಗಿನ ಸರಗಳೂ ಬಿಗಿದಿರುತ್ತವೆ. ನೀರು ಕಡಿಮೆಯಾಯಿತು ಎಂದು ಎಲ್ಲ ಬಿರುಕಿಗೂ ಒಂದೇ ಮದ್ದು ಹಾಕುವವರು ಈ ಎರಡನ್ನು ಬೇರ್ಪಡಿಸಿ ನೋಡಿದರೆ ಅರ್ಧ ತೊಂದರೆ ತಪ್ಪುತ್ತದೆ.

ಅಮೈಲೋಸ್ ಎಷ್ಟಿದೆ ಎಂಬುದು ಅಕ್ಕಿಯ ತಳಿಯ ಗುಣ. ಇಂಡೋನೇಷ್ಯಾದ ಕ್ಲೆಪೋನ್ ಎಂಬ ತಿಂಡಿಯಲ್ಲಿಯೂ ಅಕ್ಕಿಹಿಟ್ಟಿನ ಉಂಡೆಯೊಳಗೆ ತಾಳೆಜಾತಿಯ ಮರದ ಬೆಲ್ಲವಿಟ್ಟು ಬೇಯಿಸಿ ಕಾಯಿತುರಿಯಲ್ಲಿ ಹೊರಳಿಸುತ್ತಾರೆ. ಅಲ್ಲಿ ಬಳಸುವ ಅಂಟಕ್ಕಿಯಲ್ಲಿ ಅಮೈಲೋಸ್ ಇಲ್ಲವೆನ್ನುವಷ್ಟು ಕಡಿಮೆ. ಆ ಉಂಡೆ ತಣ್ಣಗಾದ ಮೇಲೂ ಮೆತ್ತಗೇ ಇರುತ್ತದೆ. ನಮ್ಮ ಊಟದ ಅಕ್ಕಿಗಳಲ್ಲಿ ಅಮೈಲೋಸ್ ಹೆಚ್ಚು. ಅದಕ್ಕೇ ಅನ್ನ ಉದುರುದುರಾಗುತ್ತದೆ, ಅದಕ್ಕೇ ಕಡುಬಿಗೆ ಜಾಣ್ಮೆ ಬೇಕಾಗುತ್ತದೆ.

ಹಿಟ್ಟು

ಕೊಂಕಣದವರು ಮೋದಕಕ್ಕೆ ಅಂಬೆಮೋಹರ್ ಅಥವಾ ಇಂದ್ರಾಯಣಿ ಅಕ್ಕಿಯನ್ನು ಹುಡುಕುತ್ತಾರೆ. ಎರಡೂ ಬೆಂದಾಗ ಸ್ವಲ್ಪ ಅಂಟುವ, ಪರಿಮಳದ ಅಕ್ಕಿಗಳು. ನಮ್ಮಲ್ಲಿ ಸೋನಾ ಮಸೂರಿಯಿಂದಲೂ ಒಳ್ಳೆಯ ಕಣಕ ಬರುತ್ತದೆ. ತೀರಾ ಹಳೆಯ ಅಕ್ಕಿಗಿಂತ ಆ ವರ್ಷದ ಅಕ್ಕಿ ಮೇಲು. ಹಳೆ ಅಕ್ಕಿ ಹೆಚ್ಚು ನೀರು ಕೇಳುತ್ತದೆ, ಅಂಟು ಕಡಿಮೆ ಕೊಡುತ್ತದೆ. ಕುಚ್ಚಲಕ್ಕಿ ಈ ಕೆಲಸಕ್ಕೆ ಸಲ್ಲದು. ಅದರ ಪಿಷ್ಟ ಗಿರಣಿಗೆ ಬರುವ ಮುಂಚೆಯೇ ಒಮ್ಮೆ ಬೆಂದು ಬಿಗಿದಿರುತ್ತದೆ.

ತಳಿಗಿಂತ ಮುಖ್ಯವಾದದ್ದು ನುಣುಪು. ಮೊದಲಿನವರು ಅಕ್ಕಿಯನ್ನು ತೊಳೆದು, ಬಸಿದು, ಬಟ್ಟೆಯ ಮೇಲೆ ನೆರಳಿನಲ್ಲಿ ಹರಡಿ, ಮುಟ್ಟಿದರೆ ಒಣಗಿದಂತೆ, ಹಲ್ಲಿನಲ್ಲಿ ಕಡಿದರೆ ಮೆತ್ತಗಿರುವಂತೆ ಆದಾಗ ಬೀಸಿ ಜರಡಿ ಹಿಡಿಯುತ್ತಿದ್ದರು. ನೀರು ಕುಡಿದ ಕಾಳು ಸುಲಭವಾಗಿ ನುಣ್ಣಗಾಗುತ್ತದೆ, ಪಿಷ್ಟದ ಕಣಗಳಿಗೆ ಪೆಟ್ಟೂ ಕಡಿಮೆ ಬೀಳುತ್ತದೆ. ರೊಟ್ಟಿಗೆಂದು ಗಿರಣಿಯಲ್ಲಿ ಬೀಸಿಸಿದ ಹಿಟ್ಟು ಬೆರಳ ನಡುವೆ ಉಜ್ಜಿದರೆ ತರಿತರಿಯಾಗಿ ಸಿಗುತ್ತದೆ. ಆ ಒಂದೊಂದು ತರಿಯ ಒಳಗಿಗೂ ನೀರು ಇಳಿಯುವಷ್ಟರಲ್ಲಿ ಕಣಕ ಆರಿಹೋಗಿರುತ್ತದೆ. ಅಕ್ಕಿರೊಟ್ಟಿಗೆ ಆ ತರಿ ದೋಷವಲ್ಲ, ಕಡುಬಿಗೆ ದೋಷ. ಮನೆಯಲ್ಲಿರುವುದು ಅಂಥ ಹಿಟ್ಟೇ ಆದರೆ ಸಣ್ಣಕಣ್ಣಿನ ಜರಡಿಯಲ್ಲಿ ಎರಡು ಸಲ ಜಾಲಿಸಿ, ಮೇಲುಳಿದ ತರಿಯನ್ನು ಉಪ್ಪಿಟ್ಟಿಗೋ ಗಂಜಿಗೋ ಇಟ್ಟುಕೊಳ್ಳಬಹುದು. ಅಂಗಡಿಯಲ್ಲಿ ಇಡಿಯಪ್ಪಂ ಹಿಟ್ಟೆಂದು ಮಾರುವ ನುಣ್ಣನೆಯ ಪೊಟ್ಟಣವೂ ಆಗುತ್ತದೆ. ಅದರಲ್ಲಿ ಕೆಲವನ್ನು ಮೊದಲೇ ಹುರಿದಿರುತ್ತಾರೆ. ಹುರಿದದ್ದು ಮಾಮೂಲಿಗಿಂತ ಹೆಚ್ಚು ನೀರು ಎಳೆಯುತ್ತದೆ.

ಉಕ್ಕರಿಸುವುದು

ಕುದಿನೀರಿಗೆ ಹಿಟ್ಟು ಹಾಕಿ ಬೇಯಿಸುವುದಕ್ಕೆ ಉಕ್ಕರಿಸುವುದು ಎನ್ನುತ್ತಾರೆ. ಉಕ್ಕರಿಸಿದ ಹಿಟ್ಟಿನ ಅಕ್ಕಿರೊಟ್ಟಿ ಮಾಡುವವರ ಕೈಗೆ ಕಡುಬಿನ ಕಣಕ ಬೇಗ ಒಲಿಯುತ್ತದೆ. ಮರಾಠಿಯವರ ಉಕಡ ಕೂಡ ಇದೇ.

ಹದಿನಾರು ಕಡುಬಿನ ಲೆಕ್ಕ ಹಿಡಿಯೋಣ. ಜಾಲಿಸಿದ ಹಿಟ್ಟು 200 ಗ್ರಾಂ, ನೀರು 300 ಮಿಲಿಲೀಟರ್, ಕಾಲು ಟೀ ಚಮಚ ಉಪ್ಪು, ಒಂದೆರಡು ಟೀ ಚಮಚ ತುಪ್ಪ ಅಥವಾ ಎಣ್ಣೆ. ಇದರ ಹೊರತಾಗಿ ಇನ್ನೊಂದು ಒಲೆಯ ಮೇಲೆ ಅರ್ಧ ಲೋಟ ನೀರು ಬಿಸಿಯಾಗಿ ಸಿದ್ಧವಿರಲಿ. ಬಟ್ಟಲಿನ ಅಳತೆಯಲ್ಲಿ ಒಂದಕ್ಕೆ ಒಂದು, ಒಂದಕ್ಕೆ ಒಂದೂವರೆ ಎಂದು ಮನೆಮನೆಗೆ ಬೇರೆಬೇರೆ ಲೆಕ್ಕ ಇರುವುದಕ್ಕೆ ಕಾರಣ, ಹಿಟ್ಟನ್ನು ಒತ್ತಿ ತುಂಬಿದ ಬಟ್ಟಲಿಗೂ ಸಡಿಲವಾಗಿ ತುಂಬಿದ ಬಟ್ಟಲಿಗೂ ತೂಕದಲ್ಲಿ ತುಂಬ ಅಂತರವಿರುವುದು. ತಕ್ಕಡಿ ಇದ್ದರೆ ತೂಗುವುದೇ ಸರಿ. ಹಿಟ್ಟಿನ ಒಂದೂವರೆಯಷ್ಟು ತೂಕದ ನೀರಿನಿಂದ ಆರಂಭಿಸಿ, ಬೇಕಾದರೆ ನಾದುವಾಗ ಸೇರಿಸಿದರಾಯಿತು.

ದಪ್ಪ ತಳದ ಪಾತ್ರೆಯಲ್ಲಿ ನೀರು, ಉಪ್ಪು, ತುಪ್ಪ ಸೇರಿಸಿ ಮರಳಿಸಬೇಕು. ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಎದ್ದರೆ ಸಾಲದು, ನಡುವಿನಲ್ಲಿ ಕೊತಕೊತ ಕುದಿಯಬೇಕು. ಆಗ ಉರಿ ತಗ್ಗಿಸಿ, ಹಿಟ್ಟನ್ನು ಒಂದೇ ಸಲಕ್ಕೆ ಸುರಿದು, ಮುದ್ದೆ ಕೋಲಿನಿಂದಲೋ ಮರದ ಸಟ್ಟುಗದಿಂದಲೋ ಬೇಗ ಬೇಗ ತಿರುವಬೇಕು. ಅರ್ಧ ನಿಮಿಷದಲ್ಲಿ ಒಣ ಹಿಟ್ಟು ಕಾಣದಂತಾಗುತ್ತದೆ. ನೋಡಲು ಮುದ್ದೆ ಮುದ್ದೆಯಾಗಿ, ಇದೇನು ಕಣಕವಾಗುತ್ತದೆಯೇ ಎಂದು ಅನುಮಾನ ಬರುವ ಹಾಗಿರುತ್ತದೆ. ಒಲೆ ಆರಿಸಿ, ಬಿಗಿಯಾದ ಮುಚ್ಚಳ ಮುಚ್ಚಿ ಹತ್ತು ನಿಮಿಷ ಬಿಡಬೇಕು. ಈ ಹತ್ತು ನಿಮಿಷದಲ್ಲಿ ಪಾತ್ರೆಯೊಳಗಿನ ಹಬೆಯೇ ಉಳಿದ ಹಿಟ್ಟನ್ನು ಬೇಯಿಸುತ್ತದೆ.

ನೀರು ಕೊತಕೊತ ಕುದಿಯಲೇಬೇಕು ಎಂಬ ಹಟ ಏಕೆ? ಕೋಣೆಯ 30 ಡಿಗ್ರಿ ಬಿಸಿಯಲ್ಲಿರುವ 200 ಗ್ರಾಂ ಹಿಟ್ಟನ್ನು 100 ಡಿಗ್ರಿಯ 300 ಮಿಲಿಲೀಟರ್ ನೀರಿಗೆ ಹಾಕಿದರೆ, ಎರಡೂ ಬೆರೆತ ಮೇಲೆ ಬಿಸಿ ಸುಮಾರು 85 ಡಿಗ್ರಿಗೆ ಇಳಿಯುತ್ತದೆ. ಪಿಷ್ಟ ಬೇಯಲು ಅದು ಧಾರಾಳ. ಅದೇ ನೀರು 80 ಡಿಗ್ರಿಯದಾದರೆ, ಅಂದರೆ ಕೈ ಹಾಕಲಾಗದಷ್ಟು ಬಿಸಿ ಆದರೆ ಕುದಿಯದ ನೀರಾದರೆ, ಬೆರೆತ ಮೇಲೆ 70 ಡಿಗ್ರಿಯ ಹತ್ತಿರ ಬರುತ್ತದೆ. ಪಾತ್ರೆ, ಸಟ್ಟುಗ, ಗಾಳಿ ತಮ್ಮ ಪಾಲನ್ನು ಕಿತ್ತುಕೊಂಡ ಮೇಲೆ ಇನ್ನೂ ಕೆಳಗೆ. ಬಹಳಷ್ಟು ತಳಿಗಳಲ್ಲಿ ಪಿಷ್ಟ ಬೇಯುವ ಗೆರೆ ಇರುವುದು ಅಲ್ಲೇ. ಹಿಟ್ಟನ್ನು ತಟ್ಟೆಯಲ್ಲಿಟ್ಟುಕೊಂಡು ಬಿಸಿನೀರನ್ನು ಸ್ವಲ್ಪ ಸ್ವಲ್ಪವೇ ಚಿಮುಕಿಸಿ ಕಲಸುವವರ ಕಣಕ ಬಿರಿಯುವುದು ಇದಕ್ಕೆ. ನೀರಿನ ಅಳತೆ ಸರಿಯಿದ್ದರೂ ಬಿಸಿ ದಾರಿಯಲ್ಲೇ ಸೋರಿಹೋಗಿರುತ್ತದೆ.

ನೀರಿನ ಕಾಲು ಭಾಗಕ್ಕೆ ಬದಲಾಗಿ ಹಾಲು ಹಾಕುವವರಿದ್ದಾರೆ. ಅದರಿಂದ ಬಿಳುಪೂ ಮೃದುತ್ವವೂ ಸ್ವಲ್ಪ ಹೆಚ್ಚುತ್ತವೆ. ತುಪ್ಪದ ಕೆಲಸ ಇನ್ನೂ ಸ್ಪಷ್ಟ: ಅದು ಮೇಲ್ಮೈಯ ನೀರು ಬೇಗ ಆರದಂತೆ ತಡೆಯುತ್ತದೆ, ಪಿಷ್ಟದ ಸರಗಳು ಬಿಗಿಯುವುದನ್ನು ನಿಧಾನ ಮಾಡುತ್ತದೆ, ಕೈಗೆ ಅಂಟುವುದನ್ನೂ ತಪ್ಪಿಸುತ್ತದೆ. ಆದರೆ ತುಪ್ಪ ಹೆಚ್ಚಾದರೆ ಅಂಚು ಅಂಚಿಗೆ ಕೂಡಿಕೊಳ್ಳುವುದಿಲ್ಲ, ಒತ್ತಿ ಮುಚ್ಚಿದ ಕಡುಬು ಹಬೆಯಲ್ಲಿ ಬಾಯಿ ಬಿಡುತ್ತದೆ. ಒಂದು ಚಮಚ ಮೈದಾ ಸೇರಿಸುವ ಉಪಾಯವೂ ಬಳಕೆಯಲ್ಲಿದೆ. ಬಿರಿಯುವುದು ಕಡಿಮೆಯಾಗುವುದು ನಿಜ, ಆದರೆ ಬೆಂದ ಮೇಲೆ ಹಲ್ಲಿಗೆ ಸ್ವಲ್ಪ ರಬ್ಬರಿನ ಹಾಗೆ ಸಿಗುತ್ತದೆ. ಉಕ್ಕರಿಸುವುದನ್ನು ಸರಿಯಾಗಿ ಮಾಡಿದರೆ ಅದರ ಅಗತ್ಯ ಬೀಳುವುದಿಲ್ಲ.

ನಾದುವುದು, ಹದ ನೋಡುವುದು

ಹತ್ತು ನಿಮಿಷದ ಬಳಿಕ ಹಿಟ್ಟನ್ನು ಅಗಲವಾದ ತಟ್ಟೆಗೆ ಸುರಿದಾಗ ಅದು ಕೈ ತಾಳದಷ್ಟು ಬಿಸಿಯಿರುತ್ತದೆ. ಆರಲಿ ಎಂದು ಕಾಯುವುದೇ ಎಲ್ಲರೂ ಮಾಡುವ ತಪ್ಪು. ಮೊದಲ ಎರಡು ನಿಮಿಷ ಸ್ಟೀಲ್ ಲೋಟದ ತಳಕ್ಕೆ ಎಣ್ಣೆ ಸವರಿ ಅದರಿಂದ ಹಿಸುಕಬೇಕು. ಗಂಟುಗಳು ಒಡೆದ ಮೇಲೆ ತಣ್ಣೀರಿನಲ್ಲಿ ಅಂಗೈ ಅದ್ದಿಕೊಂಡು, ಅಂಗೈಯ ಬುಡದಿಂದ ಮುಂದಕ್ಕೆ ತಳ್ಳಿ ಹಿಂದಕ್ಕೆ ಮಡಿಸುತ್ತ ಐದರಿಂದ ಏಳು ನಿಮಿಷ ನಾದಬೇಕು. ಇಲ್ಲಿ ನಾದುವುದು ಗೋಧಿಹಿಟ್ಟಿನ ಹಾಗೆ ಬಲೆ ಕಟ್ಟಲು ಅಲ್ಲ. ಬೆಂದ ಪಿಷ್ಟದ ಅಂಟನ್ನು ಬೇಯದ ಕಣಗಳ ಸುತ್ತಲೂ ಸವರಲು, ನೀರನ್ನು ಎಲ್ಲ ಕಡೆಗೂ ಹಂಚಲು. ಮೊದಮೊದಲು ಮಂಕಾಗಿ, ಒರಟಾಗಿದ್ದ ಹಿಟ್ಟು ನಾಲ್ಕನೆಯ ನಿಮಿಷದ ಹೊತ್ತಿಗೆ ಮೆಲ್ಲನೆ ಹೊಳಪು ಪಡೆಯುತ್ತದೆ, ತಟ್ಟೆಗೆ ಅಂಟುವುದನ್ನು ಬಿಡುತ್ತದೆ.

ಹದ ನೋಡಲು ಗೋಲಿಯಷ್ಟು ಹಿಟ್ಟನ್ನು ಅಂಗೈಯಲ್ಲಿ ಉರುಳಿಸಿ, ಹೆಬ್ಬೆರಳಿನಿಂದ ಒತ್ತಿ ಚಪ್ಪಟೆ ಮಾಡಬೇಕು. ಅಂಚು ಗೆರೆಯಿಲ್ಲದೆ ದುಂಡಗೆ ಹರಡಿದರೆ ಹದವಾಗಿದೆ. ಅಂಚಿನಲ್ಲಿ ಸಣ್ಣ ಹಲ್ಲುಹಲ್ಲಾಗಿ ಸೀಳಿದರೆ ನೀರು ಕಡಿಮೆ. ಒಂದು ಚಮಚ ಬಿಸಿನೀರು ಹಾಕಿ ನಾದಿ ಮತ್ತೆ ನೋಡಬೇಕು. ಇದು ಚಮಚದ ಲೆಕ್ಕದ ಕೆಲಸ, ಲೋಟದಿಂದ ಸುರಿದವರು ಕೆಡುತ್ತಾರೆ. ಬೆರಳಿಗೆ ಅಂಟಿ ಎಳೆಎಳೆಯಾಗಿ ಬಂದರೆ ನೀರು ಹೆಚ್ಚು. ಒಣ ಹಿಟ್ಟು ಉದುರಿಸಿದರೆ ಮತ್ತೆ ಹಸಿ ಮರಳು ಸೇರಿಸಿದಂತೆ. ಅದರ ಬದಲು ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಒಂದೆರಡು ನಿಮಿಷ ಮಗುಚಿ ನೀರು ಆರಿಸುವುದು ಒಳ್ಳೆಯದು.

ಮೂರನೆಯ ಸಂದರ್ಭವೇ ಹೆಚ್ಚು ಕಾಡುವುದು. ಹಿಟ್ಟು ಮುಟ್ಟಿದರೆ ಒದ್ದೆಯಾಗಿಯೇ ಇದೆ, ಆದರೂ ಒತ್ತಿದಾಗ ಬಿರಿಯುತ್ತದೆ. ನೀರು ಹಾಕಿದರೆ ಕೈಗೆ ಅಂಟುತ್ತದೆ, ಬಿರಿಯುವುದು ಮಾತ್ರ ನಿಲ್ಲುವುದಿಲ್ಲ. ಇದು ನೀರಿನ ಕೊರತೆಯಲ್ಲ, ಬೇಯದ ಲಕ್ಷಣ. ಒಂದು ಚೂರನ್ನು ನಾಲಿಗೆಯ ಮೇಲಿಟ್ಟರೆ ಹಸಿ ಹಿಟ್ಟಿನ ವಾಸನೆಯೂ ಸುಣ್ಣದಂಥ ಪುಡಿತನವೂ ತಿಳಿಯುತ್ತದೆ. ಇದಕ್ಕೆ ಮದ್ದನ್ನು ಒತ್ತುಶಾವಿಗೆ ಮಾಡುವವರಿಂದ ಕಲಿಯಬಹುದು. ಅವರು ಹಿಟ್ಟನ್ನು ಮುಷ್ಟಿಗಾತ್ರದ ಉಂಡೆ ಕಟ್ಟಿ, ಬೇಯಿಸಿ, ಬಿಸಿಯಾಗಿರುವಾಗಲೇ ಶಾವಿಗೆ ಒರಳಿಗೆ ಹಾಕುತ್ತಾರೆ. ಅದೇ ರೀತಿ ಕಡುಬಿನ ಹಿಟ್ಟನ್ನೂ ನಾಲ್ಕೈದು ಚಪ್ಪಟೆ ಉಂಡೆ ಮಾಡಿ ಹಬೆಯಲ್ಲಿ ಏಳೆಂಟು ನಿಮಿಷ ಇಟ್ಟು, ಮತ್ತೆ ಬಿಸಿಯಲ್ಲೇ ನಾದಿದರೆ, ಎಸೆಯಬೇಕೆಂದುಕೊಂಡ ಹಿಟ್ಟೂ ಕಣಕವಾಗುತ್ತದೆ. ತುಂಬ ಹೊತ್ತು ಇಟ್ಟು ಆರಿ ಬಿರುಸಾದ ಕಣಕಕ್ಕೂ ಇದೇ ಮದ್ದು. ಹಬೆಯ ಬಿಸಿಗೆ ಬಿಗಿದ ಸರಗಳು ಮತ್ತೆ ಸಡಿಲುತ್ತವೆ.

ನಾದಿದ ಕಣಕವನ್ನು ಒದ್ದೆ ಬಟ್ಟೆ ಹಿಂಡಿ ಮುಚ್ಚಿ, ಬಿಸಿ ಆರದಂತೆ ಮುಚ್ಚಳದ ಡಬ್ಬಿಯಲ್ಲಿಡಬೇಕು. ಎಲ್ಲವನ್ನೂ ಒಮ್ಮೆಗೇ ಉಂಡೆ ಕಟ್ಟಿ ಸಾಲಾಗಿ ಜೋಡಿಸುವ ಅಚ್ಚುಕಟ್ಟು ಇಲ್ಲಿ ಕೆಟ್ಟ ಅಭ್ಯಾಸ. ಕೊನೆಯ ಉಂಡೆಯ ಸರದಿ ಬರುವ ಹೊತ್ತಿಗೆ ಅದರ ಮೈ ಒಣಗಿರುತ್ತದೆ.

ಹೂರಣ

ಕಾಯಿತುರಿ 200 ಗ್ರಾಂ, ಪುಡಿ ಮಾಡಿದ ಬೆಲ್ಲ 140 ಗ್ರಾಂ. ಹದಿನಾರಕ್ಕೆ ಇಷ್ಟು ಸಾಕು. ಕರಿ ಸಿಪ್ಪೆ ಬಾರದಂತೆ ತುರಿದ ಕಾಯಿಯನ್ನು ಬೆಲ್ಲದ ಜೊತೆ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿಟ್ಟರೆ ಮೊದಲು ಬೆಲ್ಲ ಕರಗಿ ಎಲ್ಲ ನೀರುನೀರಾಗುತ್ತದೆ. ಕೈಯಾಡಿಸುತ್ತಿದ್ದರೆ ಎಂಟು ಹತ್ತು ನಿಮಿಷದಲ್ಲಿ ನೀರು ಆರಿ, ಮಿಶ್ರಣ ತಳ ಬಿಟ್ಟು ಒಂದಾಗಿ ಬರುತ್ತದೆ. ಆಗಲೇ ಇಳಿಸಿ ಏಲಕ್ಕಿ ಪುಡಿ, ಹುರಿದ ಎಳ್ಳು ಅಥವಾ ಗಸಗಸೆ ಸೇರಿಸಬೇಕು. ಬಾಣಲೆಯ ಬಿಸಿಯಲ್ಲೇ ಅದು ಇನ್ನಷ್ಟು ಗಟ್ಟಿಯಾಗುತ್ತದೆ ಎಂಬುದು ನೆನಪಿರಲಿ. ಇನ್ನೂ ಎರಡು ನಿಮಿಷ ಇರಲಿ ಎಂದರೆ ಪಾಕ ಏರಿ, ಆರಿದ ಮೇಲೆ ಕಲ್ಲುಕಲ್ಲಾಗಿ, ಅದರ ಮೊನೆಗಳೇ ಕಣಕವನ್ನು ಚುಚ್ಚುತ್ತವೆ.

ಕಣಕಕ್ಕೆ ಹೂರಣದಿಂದ ಬರುವ ಅಪಾಯ ಹೆಚ್ಚಾಗಿ ಎದುರು ದಿಕ್ಕಿನದು. ಒದ್ದೆ ಹೂರಣದ ಬೆಲ್ಲದ ನೀರು ಕಡುಬಿನ ಅಡಿಯಲ್ಲಿ ಇಳಿದು ಕಣಕವನ್ನು ಮೆತ್ತಗೆ ಮಾಡುತ್ತದೆ, ಹಬೆಯಲ್ಲಿ ಅಲ್ಲೇ ತೂತು ಬೀಳುತ್ತದೆ. ಬೆಂದ ಕಡುಬಿನ ಅಡಿಯಲ್ಲಿ ಕಂದು ಕಲೆ ಕಂಡರೆ ತಪ್ಪು ಹೂರಣದ್ದು, ಕಣಕದ್ದಲ್ಲ. ಹೂರಣ ಸಡಿಲವಾಗಿದೆ ಎನಿಸಿದರೆ ಒಂದು ಚಮಚ ಹುರಿಗಡಲೆ ಪುಡಿ ಕಲಸಿದರೆ ನೀರು ಹೀರಿಕೊಳ್ಳುತ್ತದೆ. ಪೂರ್ತಿ ಆರಿದ ಮೇಲೆ 18 ಗ್ರಾಮಿನಷ್ಟು, ಅಂದರೆ ಸಣ್ಣ ನಿಂಬೆಗಾತ್ರದ ಉಂಡೆಗಳನ್ನು ಮೊದಲೇ ಕಟ್ಟಿಟ್ಟುಕೊಂಡರೆ, ಕಣಕ ಕೈಯಲ್ಲಿ ಕಾಯಬೇಕಾಗುವುದಿಲ್ಲ. ಕಣಕವನ್ನು ಹಾಗೆ ಮೊದಲೇ ಉಂಡೆ ಕಟ್ಟಬಾರದು, ಹೂರಣವನ್ನು ಕಟ್ಟಲೇಬೇಕು.

ಕೈಯಲ್ಲಿ ಮೂಡಿಸುವುದು

ಬಟ್ಟೆಯಡಿಯಿಂದ 28 ಗ್ರಾಮಿನಷ್ಟು ಕಣಕ ತೆಗೆದು, ಅಂಗೈಗಳ ನಡುವೆ ಒತ್ತಿ ಉರುಳಿಸಿ, ಗೆರೆಯಿಲ್ಲದ ಉಂಡೆ ಮಾಡಬೇಕು. ಉಂಡೆಯ ಮೇಲಿರುವ ಕೂದಲೆಳೆಯ ಗೀರು ಮುಂದೆ ಬಟ್ಟಲಿನ ಅಂಚಿನಲ್ಲಿ ಸೀಳಾಗುತ್ತದೆ. ಹೆಬ್ಬೆರಳಿಗೆ ತುಪ್ಪ ಸವರಿ ಉಂಡೆಯ ನಡುವೆ ಗುಳಿ ಮಾಡಿ, ಕುಂಬಾರ ಮಡಕೆಯ ಅಂಚು ಎತ್ತುವ ಹಾಗೆ ಎಡಗೈಯಲ್ಲಿ ಉಂಡೆಯನ್ನು ತಿರುಗಿಸುತ್ತ ಬಲಗೈಯ ಹೆಬ್ಬೆರಳು ಒಳಗೆ, ಎರಡು ಬೆರಳು ಹೊರಗೆ ಇಟ್ಟು ಅದುಮಬೇಕು. ಹೊಸಬರು ನಡುವನ್ನೇ ಒತ್ತುತ್ತ ಹೋಗಿ ತಳ ತೆಳ್ಳಗೆ, ಅಂಚು ದಪ್ಪಗೆ ಮಾಡಿಬಿಡುತ್ತಾರೆ. ಬೇಕಿರುವುದು ಇದಕ್ಕೆ ತಿರುಗುಮುರುಗು. ಭಾರ ಹೊರುವ ತಳ ದಪ್ಪಗಿರಲಿ, ನೆರಿಗೆಯಾಗಿ ಒಂದರ ಮೇಲೊಂದು ಕೂಡುವ ಅಂಚು ತೆಳುವಾಗಿರಲಿ. ನೆರಿಗೆಗಳು ಮೇಲೆ ಸೇರುವ ಕಡೆ ಹೇಗೂ ದಪ್ಪವಾಗುತ್ತದೆ.

ಅಂಚನ್ನು ಹೆಬ್ಬೆರಳು ಮತ್ತು ತೋರುಬೆರಳಿನಿಂದ ಚಿವುಟಿ, ಮಧ್ಯದ ಬೆರಳನ್ನು ಪಕ್ಕಕ್ಕೆ ಆನಿಸಿ ನೆರಿಗೆ ಎಳೆಯಬೇಕು. ನೆರಿಗೆ ಅಂಚಿನಲ್ಲಷ್ಟೇ ಉಳಿಯದೆ ಬಟ್ಟಲಿನ ಅರ್ಧದವರೆಗೆ ಇಳಿಯಬೇಕು. ಹನ್ನೊಂದು ನೆರಿಗೆ ಬಂದರೆ ಚೆನ್ನ, ಏಳು ಬಂದರೂ ಕಡುಬು ಕಡುಬೇ. ಹೂರಣದ ಉಂಡೆ ಇಟ್ಟು, ಎಲ್ಲ ನೆರಿಗೆಗಳನ್ನೂ ಒಂದೇ ದಿಕ್ಕಿಗೆ ಒರಗಿಸುತ್ತ ಮುಷ್ಟಿಯಲ್ಲಿ ಮೆಲ್ಲಗೆ ತಿರುಗಿಸಿ ತುದಿ ಕೂಡಿಸಬೇಕು. ಒಳಗೆ ಗಾಳಿ ಉಳಿಸಿ ಮುಚ್ಚಿದರೆ ಅದು ಹಬೆಯಲ್ಲಿ ಹಿಗ್ಗಿ ಪಕ್ಕ ಸೀಳುತ್ತದೆ. ಅರ್ಧಚಂದ್ರದ ಕಡುಬು ಮಾಡುವವರಿಗೆ ಕೆಲಸ ಸುಲಭ. ಬಾಳೆಎಲೆಯ ಚೂರಿಗೆ ಎಣ್ಣೆ ಸವರಿ, ಅದರ ಮೇಲೆ ಉಂಡೆಯನ್ನು ತಟ್ಟಿ, ಹೂರಣವಿಟ್ಟು ಎಲೆಯ ಸಮೇತ ಮಡಿಸಿ ಅಂಚು ಒತ್ತಿದರಾಯಿತು. ಬಗ್ಗುವ ಕಡೆ ಎಲೆಯ ಆಸರೆ ಇರುವುದರಿಂದ ತುಸು ಹದ ತಪ್ಪಿದ ಕಣಕವೂ ನಿಭಾಯಿಸುತ್ತದೆ. ಅಚ್ಚಿನಲ್ಲಿ ಮಾಡಿದ ಮೋದಕ ಸುಂದರವಾಗಿ ಕಾಣುವುದಾದರೂ, ಅಚ್ಚು ಬಿರುಕನ್ನು ಮುಚ್ಚುತ್ತದೆಯೇ ಹೊರತು ವಾಸಿ ಮಾಡುವುದಿಲ್ಲ. ಒಣ ಕಣಕವಾಗಿದ್ದರೆ ಅದು ಹಬೆಯಲ್ಲಿ ಅಚ್ಚಿನ ಗೆರೆಯ ಉದ್ದಕ್ಕೇ ಬಾಯಿ ಬಿಡುತ್ತದೆ.

ಮೂಡಿಸುವಾಗ ಸೀಳು ಕಂಡರೆ ಬೆರಳ ತುದಿಗೆ ನೀರು ಅದ್ದಿ ಉಜ್ಜಿದರೆ ಮುಚ್ಚುತ್ತದೆ. ಒಂದೆರಡು ಸೀಳಿಗೆ ಇದು ಸಾಕು. ಮೂರು ಉಂಡೆಗಳು ಸತತವಾಗಿ ಸೀಳಿದರೆ ತೇಪೆ ಹಚ್ಚುತ್ತ ಕೂರದೆ ಕಣಕವನ್ನೇ ಮತ್ತೆ ನಾದಬೇಕು. ಒಡೆಯಲೆಂದೇ ಮಾಡುವ ಕಡುಬೂ ನಮ್ಮಲ್ಲಿದೆ ಎನ್ನುವುದು ಬೇರೆ ಮಾತು. ಭೀಮನ ಅಮಾವಾಸ್ಯೆಯಂದು ನಾಣ್ಯ ಅಡಗಿಸಿದ ಭಂಡಾರದ ಕಡುಬನ್ನು ಹೊಸ್ತಿಲ ಮೇಲಿಟ್ಟು ಅಣ್ಣತಮ್ಮಂದಿರು ಒಡೆಯುತ್ತಾರೆ. ಆ ದಿನ ಮಾತ್ರ ಬಿರಿದ ಕಣಕದ ಬಗ್ಗೆ ಯಾರೂ ಗೊಣಗುವುದಿಲ್ಲ.

ಹಬೆ

ಇಡ್ಲಿ ಪಾತ್ರೆಯ ನೀರು ಮೊದಲೇ ಕುದಿಯುತ್ತಿರಬೇಕು. ತಣ್ಣೀರಿನಲ್ಲಿ ಆರಂಭಿಸಿದರೆ ಬಿಸಿಯೇರುವವರೆಗೂ ಕಡುಬು ಬೇಯದೆ ಬಸಿಯುತ್ತ ಕೂರುತ್ತದೆ, ಅಡಿ ಅಗಲವಾಗಿ ಕುಸಿಯುತ್ತದೆ. ತಟ್ಟೆಗೆ ಬಾಳೆಎಲೆಯನ್ನೋ ಅರಿಶಿನ ಎಲೆಯನ್ನೋ ಹಾಸಿದರೆ ಅಂಟುವುದಿಲ್ಲ. ಅಂಟಿದ ಕಡುಬನ್ನು ಕೀಳುವಾಗ ಆಗುವ ತೂತನ್ನೂ ಜನ ಬಿರಿತದ ಲೆಕ್ಕಕ್ಕೇ ಸೇರಿಸುತ್ತಾರೆ. ಕೊಂಕಣದವರು ಮೋದಕವನ್ನು ಒಮ್ಮೆ ನೀರಿನಲ್ಲಿ ಅದ್ದಿ ತೆಗೆದು ಹಬೆಗಿಡುತ್ತಾರೆ. ಮೂಡಿಸುವಷ್ಟು ಹೊತ್ತಿನಲ್ಲಿ ಒಣಗಿದ ಮೇಲ್ಪದರಕ್ಕೆ ಮತ್ತೆ ನೀರು ಸಿಗುತ್ತದೆ, ಹಬೆ ತಾಗಿದಾಗ ಸಣ್ಣ ಗೀರುಗಳು ತಾವೇ ಕೂಡಿಕೊಳ್ಳುತ್ತವೆ. ಇದೊಂದು ಸಣ್ಣ ಉಪಾಯ, ಮಾಡಿದವರು ಬಿಡುವುದಿಲ್ಲ.

ಕಣಕ ಆಗಲೇ ಮುಕ್ಕಾಲು ಬೆಂದಿರುವುದರಿಂದ ಮಧ್ಯಮ ಉರಿಯಲ್ಲಿ ಹತ್ತರಿಂದ ಹನ್ನೆರಡು ನಿಮಿಷ ಸಾಕು. ಇಪ್ಪತ್ತು ನಿಮಿಷ ಇಟ್ಟರೆ ನೆರಿಗೆ ಬಿಡಬಹುದು. ಮುಚ್ಚಳದ ಒಳಗೆ ಬಟ್ಟೆ ಕಟ್ಟಿದರೆ ಹನಿ ಬೀಳುವುದು ತಪ್ಪುತ್ತದೆ. ಬೆಂದ ಕಡುಬಿನ ಮೈ ಹೊಳೆಯುತ್ತದೆ, ಬಿಳುಪು ಸ್ವಲ್ಪ ಪಾರದರ್ಶಕವಾಗಿ ಒಳಗಿನ ಬೆಲ್ಲದ ಬಣ್ಣ ಮಬ್ಬಾಗಿ ಕಾಣುತ್ತದೆ, ಒದ್ದೆ ಬೆರಳಿನಿಂದ ಮುಟ್ಟಿದರೆ ಅಂಟುವುದಿಲ್ಲ. ಒಲೆ ಆರಿಸಿ ಮೂರ್ನಾಲ್ಕು ನಿಮಿಷ ಬಿಟ್ಟು ತೆಗೆಯಬೇಕು. ಕುದಿಯುವ ಹಬೆಯಿಂದ ತಕ್ಷಣ ಎತ್ತಿದ ಕಡುಬು ಇನ್ನೂ ಮೆತ್ತಗಿದ್ದು, ತನ್ನ ಭಾರಕ್ಕೇ ಹರಿಯುತ್ತದೆ.

ರುಬ್ಬಿ ಕಾಸುವ ಕ್ರಮ

ಉಕ್ಕರಿಸುವುದು ಒಗ್ಗದವರಿಗೆ ಹಿಟ್ಟಿಲ್ಲದ ಇನ್ನೊಂದು ದಾರಿಯಿದೆ. 200 ಗ್ರಾಂ ಬೆಳ್ತಿಗೆ ಅಕ್ಕಿಯನ್ನು ಎರಡು ಮೂರು ಗಂಟೆ ನೆನೆಸಿ, ಬಸಿದು, ಸುಮಾರು 350 ಮಿಲಿಲೀಟರ್ ನೀರು ಸೇರಿಸಿ ಹಾಲಿನಷ್ಟು ತೆಳುವಾಗಿ, ಬೆರಳಿಗೆ ತರಿ ಸಿಗದಂತೆ ರುಬ್ಬಬೇಕು. ದಪ್ಪ ಬಾಣಲೆಯಲ್ಲಿ ಉಪ್ಪು ಮತ್ತು ಎರಡು ಚಮಚ ಎಣ್ಣೆಯೊಂದಿಗೆ ಸಣ್ಣ ಉರಿಯಲ್ಲಿಟ್ಟು ಬಿಡದೆ ಮಗುಚಬೇಕು. ಮೊದಲು ತಳದಲ್ಲಿ ಚೂರುಚೂರಾಗಿ ಗಟ್ಟಿಯಾಗುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಎಲ್ಲ ಬಿಗಿದು ಸಟ್ಟುಗಕ್ಕೆ ಸುತ್ತಿಕೊಳ್ಳುತ್ತದೆ. ಒದ್ದೆ ಬೆರಳಿಗೆ ಅಂಟದಂತಾದಾಗ ಇಳಿಸಿ, ಮುಚ್ಚಿ, ಬಿಸಿಯಲ್ಲೇ ನಾದಬೇಕು.

ಬಿರಿಯದಿರುವ ವಿಷಯದಲ್ಲಿ ಈ ಕಣಕ ಉಕ್ಕರಿಸಿದ್ದಕ್ಕಿಂತ ಒಂದು ಕೈ ಮೇಲೆಂದೇ ಹೇಳಬೇಕು. ಪ್ರತಿ ಕಣವೂ ಬಿಸಿಯಾಗುವ ಮೊದಲೇ ನೀರಿನಲ್ಲಿ ಮುಳುಗಿರುವುದರಿಂದ ಬೇಯದೆ ಉಳಿಯುವ ಮೂಲೆಯೇ ಇರುವುದಿಲ್ಲ. ತೆಳ್ಳನೆಯ ನೆರಿಗೆ ಬೇಕಾದವರು ಇದನ್ನೇ ಆರಿಸಿಕೊಳ್ಳುವುದು ಮೇಲು. ಕಷ್ಟ ಇರುವುದು ತೋಳಿಗೆ. ಮೂವತ್ತು ನಲವತ್ತು ಕಡುಬಿನಷ್ಟು ಹಿಟ್ಟನ್ನು ಒಂದೇ ಬಾಣಲೆಯಲ್ಲಿ ಮಗುಚುವುದು ಒಬ್ಬರ ಕೆಲಸವಲ್ಲ, ಕೈ ನಿಂತ ಕ್ಷಣಕ್ಕೆ ತಳ ಹಿಡಿದು ಕಂದು ಚೂರುಗಳು ಬೆರೆಯುತ್ತವೆ.

ಉಳಿದ ಕಡುಬು

ಕಡುಬು ಬಿಸಿಯಾಗಿದ್ದಾಗ, ಮೇಲೊಂದು ಚಮಚ ತುಪ್ಪ ಹಾಕಿ ತಿನ್ನುವ ತಿಂಡಿ. ನಾಲ್ಕೈದು ಗಂಟೆ ಕಳೆದರೆ ಹೊರಪದರ ಬಿರುಸಾಗತೊಡಗುತ್ತದೆ. ಮರುದಿನಕ್ಕೆಂದು ಫ್ರಿಜ್ಜಿನಲ್ಲಿಟ್ಟರೆ ಇನ್ನೂ ಬೇಗ, ಏಕೆಂದರೆ ಪಿಷ್ಟ ಬಿಗಿಯುವುದು ಆ ತಂಪಿನಲ್ಲೇ ಹೆಚ್ಚು. ಹಾಗೆ ತೆಗೆದ ಕಡುಬನ್ನು ತಣ್ಣಗೇ ಕಚ್ಚಿದರೆ ಕಣಕ ಪುಡಿಯಾಗಿ ಉದುರುತ್ತದೆ. ಮೇಲೆ ಸ್ವಲ್ಪ ನೀರು ಚಿಮುಕಿಸಿ ಐದಾರು ನಿಮಿಷ ಹಬೆಯಲ್ಲಿಟ್ಟರೆ ಮೊದಲಿನ ಮೃದುತ್ವದ ಬಹುಪಾಲು ಮರಳುತ್ತದೆ. ಕಾಯಿಯ ಹೂರಣ ಬೇಗ ಹಳಸುವುದರಿಂದ ಎರಡನೆಯ ದಿನಕ್ಕಿಂತ ಹೆಚ್ಚು ಇಡುವುದು ಸಲ್ಲ. ಹೂರಣ ಮುಗಿದು ಕಣಕ ಉಳಿದಿದ್ದರೆ ಅದನ್ನು ನೆಲ್ಲಿಕಾಯಿಯಷ್ಟು ಉಂಡೆ ಮಾಡಿ, ಹಬೆಯಲ್ಲಿ ಬೇಯಿಸಿ, ಸಾಸಿವೆ, ಇಂಗು, ಕರಿಬೇವು, ಒಣಮೆಣಸಿನಕಾಯಿಯ ಒಗ್ಗರಣೆಗೆ ಹಾಕಿ ಹೊರಳಿಸುತ್ತಾರೆ. ಹಬ್ಬದ ಸಂಜೆ ಸಿಹಿ ತಿಂದು ಸಾಕಾದವರ ಕೈ ಮೊದಲು ಹೋಗುವುದು ಆ ಖಾರದ ಉಂಡೆಯ ತಟ್ಟೆಗೆ.